ಪ್ರಶ್ನೆ ಪತ್ರಿಕೆಯ ಹೊಸ ವಿನ್ಯಾಸ: ಶಿಕ್ಷಕರು ಪದೇ ಪದೇ ಕೇಳುವ ಪ್ರಶ್ನೆಗಳು

ಚಿತ್ರದುರ್ಗದ ನಮ್ಮ ಪ್ರೌಢಶಾಲೆಯಲ್ಲಿ ಎಂಟನೇ ತರಗತಿಯ ಸಮಾಜ ವಿಜ್ಞಾನದ ಅರ್ಧವಾರ್ಷಿಕ ಪತ್ರಿಕೆಯನ್ನು ಬಿಚ್ಚಿ ಹೊಸದಾಗಿ ಕಟ್ಟಿದೆವು. ಪ್ರಶ್ನೆಗಳನ್ನು ಹೆಚ್ಚೇನೂ ಬದಲಿಸಲಿಲ್ಲ. ಬದಲಿಸಿದ್ದು ಅವು ಹಾಳೆಯ ಮೇಲೆ ಕೂರುವ ಕ್ರಮ, ಅಂಕ ಹಂಚಿಕೆ ಮತ್ತು ಸೂಚನೆಗಳನ್ನು ಮಾತ್ರ. ಅಂದಿನಿಂದ ಸುತ್ತಲಿನ ಶಾಲೆಗಳ ಶಿಕ್ಷಕರು, ಬಸ್ ನಿಲ್ದಾಣದಲ್ಲಿ ಸಿಕ್ಕವರೂ ಸೇರಿದಂತೆ, ಒಂದೇ ಬಗೆಯ ಪ್ರಶ್ನೆಗಳನ್ನು ಕೇಳುತ್ತಿದ್ದಾರೆ. ಅವುಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಹಳೆಯ ಪತ್ರಿಕೆಯಲ್ಲಿ ಏನು ತಪ್ಪಿತ್ತು? ವರ್ಷಗಳಿಂದ ಅದೇ ನಡೆದುಬಂದಿತ್ತಲ್ಲ?

ನಡೆದುಬಂದಿತ್ತು, ನಿಜ. ಮಕ್ಕಳು ಹೇಗೋ ಸಂಭಾಳಿಸುತ್ತಿದ್ದರು, ನಾವು ಹೇಗೋ ಅಂಕ ಕೊಡುತ್ತಿದ್ದೆವು. ಒಂದು ವರ್ಷ ಮೌಲ್ಯಮಾಪನಕ್ಕೆ ಕುಳಿತಾಗ ವಿಚಿತ್ರವೊಂದು ಕಣ್ಣಿಗೆ ಬಿತ್ತು. ತರಗತಿಯಲ್ಲಿ ಚೆನ್ನಾಗಿ ಓದುವ ಮಕ್ಕಳೇ ಕೊನೆಯ ನಕ್ಷೆಯ ಪ್ರಶ್ನೆಯನ್ನು ಬಿಟ್ಟಿದ್ದರು. ಭೂಪಟ ಬಿಡಿಸುವುದೆಂದರೆ ಅವರಿಗೆ ಪ್ರೀತಿ. ಹಾಗಿದ್ದೂ ಆ ಪುಟ ಖಾಲಿ.

ಹಿಂದಿನ ಪುಟಗಳನ್ನು ತಿರುವಿದಾಗ ಕಾರಣ ಸಿಕ್ಕಿತು. ಎರಡು ಅಂಕದ ಹತ್ತು ಪ್ರಶ್ನೆಗಳಲ್ಲಿ ಎಂಟಕ್ಕೆ ಉತ್ತರಿಸಿದರೆ ಸಾಕಿತ್ತು. ಆದರೆ 'ಯಾವುದಾದರೂ ಎಂಟಕ್ಕೆ ಉತ್ತರಿಸಿ' ಎಂಬ ಸಾಲು ಮೊದಲ ಪುಟದ ತಳದಲ್ಲಿ ಒಂಟಿಯಾಗಿ ಕುಳಿತಿತ್ತು, ಪ್ರಶ್ನೆಗಳೆಲ್ಲ ಹಾಳೆಯ ಹಿಂಬದಿಗೆ ಹೋಗಿದ್ದವು. ಸಾಲದ್ದಕ್ಕೆ ಡಿ.ಟಿ.ಪಿ. ಮಾಡಿದವರು ಪಕ್ಕದಲ್ಲಿ 8 × 2 = 16 ಎಂಬುದರ ಬದಲು 10 × 2 = 20 ಎಂದು ಹಾಕಿದ್ದರು. ಹತ್ತು ಪ್ರಶ್ನೆ ಕಂಡವರು ಹತ್ತು ಎಂದು ಬರೆದರು, ಅವರ ತಪ್ಪಲ್ಲ. ಅರ್ಧಕ್ಕಿಂತ ಹೆಚ್ಚು ಮಕ್ಕಳು ಹತ್ತನ್ನೂ ಬರೆದು, ನಕ್ಷೆಗೆ ಉಳಿಯಬೇಕಿದ್ದ ಸಮಯವನ್ನು ಅಲ್ಲೇ ಕಳೆದಿದ್ದರು. ಪಕ್ಕದ ಅಂಕಗಳನ್ನು ಕೂಡಿದರೆ 54 ಬರುತ್ತಿತ್ತು, ತಲೆಯ ಮೇಲೆ ಮಾತ್ರ 'ಗರಿಷ್ಠ ಅಂಕಗಳು: 50' ಎಂದಿತ್ತು. ಕರಡು ತಿದ್ದಿ ಸಹಿ ಹಾಕಿದ್ದು ನಾನೇ.

ಹೊಸ ಪತ್ರಿಕೆಯಲ್ಲಿ ಎಷ್ಟು ಭಾಗಗಳಿವೆ? ಅಂಕ ಹೇಗೆ ಹಂಚಿದ್ದೀರಿ?

ಒಟ್ಟು 50 ಅಂಕ, 28 ಪ್ರಶ್ನೆ, ಆರು ಭಾಗ. ಹೀಗಿದೆ:

ಭಾಗ 1: ಬಹು ಆಯ್ಕೆ, ಪ್ರಶ್ನೆ 1ರಿಂದ 8, 8 × 1 = 8
ಭಾಗ 2: ಒಂದು ವಾಕ್ಯದ ಉತ್ತರ, ಪ್ರಶ್ನೆ 9ರಿಂದ 14, 6 × 1 = 6
ಭಾಗ 3: ಎರಡು ಅಂಕದವು, ಪ್ರಶ್ನೆ 15ರಿಂದ 22, 8 × 2 = 16
ಭಾಗ 4: ಮೂರು ಅಂಕದವು, ಪ್ರಶ್ನೆ 23ರಿಂದ 26, 4 × 3 = 12
ಭಾಗ 5: ನಾಲ್ಕು ಅಂಕದ ಒಂದು ಪ್ರಶ್ನೆ, ಸಂಖ್ಯೆ 27, 1 × 4 = 4
ಭಾಗ 6: ನಕ್ಷೆ, ಸಂಖ್ಯೆ 28, 1 × 4 = 4

ಎಲ್ಲ ಕಡೆಯೂ ಮೊದಲಿನದು ಪ್ರಶ್ನೆಗಳ ಸಂಖ್ಯೆ, ಎರಡನೆಯದು ಒಂದೊಂದರ ಅಂಕ. ಹಳೆಯ ಪತ್ರಿಕೆಯಲ್ಲಿ ಒಂದು ಕಡೆ 4 × 3, ಇನ್ನೊಂದು ಕಡೆ 3 × 4 ಎಂದಿತ್ತು. ಗುಣಲಬ್ಧ ಒಂದೇ ಆದರೂ, ನಾಲ್ಕು ಪ್ರಶ್ನೆಯೋ ನಾಲ್ಕು ಅಂಕವೋ ಎಂದು ಮಗು ಯೋಚಿಸುತ್ತಾ ಕೂರುತ್ತದೆ.

ಇತಿಹಾಸ, ಭೂಗೋಳ, ರಾಜ್ಯಶಾಸ್ತ್ರ ಎಂದು ವಿಷಯವಾರು ಭಾಗ ಮಾಡಬಹುದಿತ್ತಲ್ಲ?

ಮಾಡಬಹುದು, ಅದರಲ್ಲಿ ತಪ್ಪೇನಿಲ್ಲ. ಆದರೆ ಹಾಗೆ ಮಾಡಿದರೆ ಪ್ರತಿ ವಿಷಯದೊಳಗೂ ಒಂದು, ಎರಡು, ಮೂರು ಅಂಕದ ಪ್ರಶ್ನೆಗಳು ಬರುತ್ತವೆ. 'ಒಂದು ವಾಕ್ಯದಲ್ಲಿ ಬರೆಯಿರಿ' ಎಂಬಂಥ ಸೂಚನೆಯನ್ನು ಪ್ರತಿ ವಿಷಯಕ್ಕೂ ಮತ್ತೆ ಮುದ್ರಿಸಬೇಕಾಗುತ್ತದೆ. ಒಂದೆಡೆ ಬಿಟ್ಟುಹೋದರೆ ಅಲ್ಲಿ ಗೊಂದಲ ಶುರು. ಐವತ್ತು ಅಂಕದ ಸಣ್ಣ ಪತ್ರಿಕೆಗೆ ಅದು ಭಾರವೆನಿಸಿತು.

ನಾವು ಕಂಡುಕೊಂಡ ದಾರಿ ಬೇರೆ. ಭಾಗಗಳು ಅಂಕದ ಪ್ರಕಾರವೇ ಇರಲಿ, ಆದರೆ ಪ್ರತಿ ಭಾಗದೊಳಗೂ ವಿಷಯಗಳು ಒಂದೇ ಕ್ರಮದಲ್ಲಿ ಬರಲಿ. ಮೊದಲು ಇತಿಹಾಸ, ಆಮೇಲೆ ರಾಜ್ಯಶಾಸ್ತ್ರ ಮತ್ತು ಸಮಾಜಶಾಸ್ತ್ರ, ನಂತರ ಭೂಗೋಳ, ಕೊನೆಗೆ ಅರ್ಥಶಾಸ್ತ್ರ ಮತ್ತು ವ್ಯವಹಾರ ಅಧ್ಯಯನ. ಮಗುವಿನ ತಲೆ ಮೌರ್ಯರಿಂದ ಶಿಲೆಗಳಿಗೆ ಹಾರಿ ಮತ್ತೆ ಮೌರ್ಯರಿಗೆ ಮರಳಬೇಕಿಲ್ಲ.

ಎರಡು ಗಂಟೆಗೆ 28 ಪ್ರಶ್ನೆ ಜಾಸ್ತಿಯಾಗಲಿಲ್ಲವೇ?

ಇದನ್ನು ಊಹಿಸಿ ಹೇಳುವುದಕ್ಕಿಂತ ಬರೆದು ನೋಡುವುದು ಮೇಲು. ಪತ್ರಿಕೆ ಸಿದ್ಧವಾದ ಸಂಜೆ ನಾನು ಗಡಿಯಾರ ಮುಂದಿಟ್ಟುಕೊಂಡು ಎಲ್ಲ ಉತ್ತರಗಳನ್ನೂ ಕೈಯಲ್ಲಿ ಬರೆದೆ, ನಕ್ಷೆಯನ್ನೂ ಬಿಡಿಸಿದೆ. 44 ನಿಮಿಷ ಹಿಡಿಯಿತು. ಉತ್ತರ ಗೊತ್ತಿರುವ ಶಿಕ್ಷಕನ ಸಮಯದ ಎರಡೂವರೆ ಪಟ್ಟು ಎಂಟನೇ ತರಗತಿಯ ಸಾಧಾರಣ ಮಗುವಿಗೆ ಬೇಕು ಎಂಬುದು ನಾನು ಇಟ್ಟುಕೊಂಡ ಲೆಕ್ಕ. ಹಾಗೆ ನೋಡಿದರೆ 110 ನಿಮಿಷ. ಎರಡು ಗಂಟೆಯಲ್ಲಿ ಹತ್ತು ನಿಮಿಷ ಉಳಿಯುತ್ತದೆ, ಒಮ್ಮೆ ಕಣ್ಣಾಡಿಸಲು ಸಾಕು. ಪ್ರಶ್ನೆ ಓದಲು ಕೊಡುವ 15 ನಿಮಿಷ ಇದರ ಹೊರಗಿನದು.

ನನ್ನ ಬರವಣಿಗೆಗೇ 60 ನಿಮಿಷ ಹಿಡಿದಿದ್ದರೆ ಎರಡು ಪ್ರಶ್ನೆ ತೆಗೆಯುತ್ತಿದ್ದೆ. ಆದರೆ ಸಮಯ ಹೆಚ್ಚಿಸುತ್ತಿರಲಿಲ್ಲ, ಏಕೆಂದರೆ ಗಂಟೆ ಬಾರಿಸುವವರು ಇಡೀ ಶಾಲೆಗೆ ಒಬ್ಬರೇ.

ಆಯ್ಕೆಯನ್ನು ಏಕೆ ಕಡಿಮೆ ಮಾಡಿದಿರಿ? ಮಕ್ಕಳಿಗೆ ಅದರಿಂದ ಅನುಕೂಲವಿತ್ತಲ್ಲ?

ಅತಿ ಹೆಚ್ಚು ಜಗಳ ಆದದ್ದು ಇದರ ಮೇಲೆಯೇ, ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಹತ್ತರಲ್ಲಿ ಎಂಟನ್ನು ಆರಿಸಲು 45 ಬಗೆಗಳಿವೆ. ಅಂದರೆ ಒಂದೇ ಕೊಠಡಿಯಲ್ಲಿ ಕುಳಿತ ಮಕ್ಕಳು 45 ಬೇರೆ ಬೇರೆ ಪರೀಕ್ಷೆ ಬರೆಯಬಹುದು. ಎರಡು ಪ್ರಶ್ನೆ ಬಿಡಬಹುದು ಎಂದು ಗೊತ್ತಾದೊಡನೆ ಅರ್ಥಶಾಸ್ತ್ರದ ಪಾಠವನ್ನೇ ಬಿಡುವವರಿದ್ದಾರೆ. ನಾವು ನೀಲನಕಾಶೆಯಲ್ಲಿ ಆ ಪಾಠಕ್ಕೆ ಇಂತಿಷ್ಟು ಅಂಕ ಎಂದು ತೋರಿಸಿಕೊಂಡಿರುತ್ತೇವೆ, ಮಗುವಿನ ಉತ್ತರ ಪತ್ರಿಕೆಯಲ್ಲಿ ಆ ಪಾಠದ ಸುಳಿವೇ ಇರುವುದಿಲ್ಲ. ಹತ್ತನ್ನೂ ಬರೆದವರ ಗೊಂದಲ ಬೇರೆ: ಮೊದಲ ಎಂಟಕ್ಕೆ ಅಂಕವೋ, ಚೆನ್ನಾಗಿರುವ ಎಂಟಕ್ಕೆ ಅಂಕವೋ? ನಮ್ಮಲ್ಲಿ ಇಬ್ಬರು ಶಿಕ್ಷಕರು ಎರಡು ರೀತಿ ಕೊಟ್ಟಿದ್ದರು.

ಆದ್ದರಿಂದ ಒಟ್ಟಾರೆ ಆಯ್ಕೆಯನ್ನು ತೆಗೆದು, ಎರಡು ಪ್ರಶ್ನೆಗಳಿಗೆ ಮಾತ್ರ 'ಅಥವಾ' ಇಟ್ಟೆವು. ಇಲ್ಲೂ ಎಡವುವ ಜಾಗವಿದೆ. ನನ್ನ ಮೊದಲ ಕರಡಿನಲ್ಲಿ 20ನೇ ಪ್ರಶ್ನೆ ಹೀಗಿತ್ತು: 'ಅಶೋಕನ ಶಾಸನಗಳು ದೊರೆತ ಎರಡು ಸ್ಥಳಗಳನ್ನು ಹೆಸರಿಸಿ. ಅಥವಾ ವಾಣಿವಿಲಾಸ ಸಾಗರದಂಥ ಜಲಾಶಯದಿಂದ ಕೃಷಿಗೆ ಆಗುವ ಎರಡು ಅನುಕೂಲಗಳನ್ನು ವಿವರಿಸಿ.' ಮೊದಲನೆಯದು ನೆನಪಿನ ಪ್ರಶ್ನೆ. ಬ್ರಹ್ಮಗಿರಿ, ಸಿದ್ದಾಪುರ ಎಂದು ನಮ್ಮ ಮೊಳಕಾಲ್ಮುರು ತಾಲ್ಲೂಕಿನ ಎರಡು ಹೆಸರು ಬರೆದರೆ ಮುಗಿಯಿತು. ಎರಡನೆಯದಕ್ಕೆ ಯೋಚಿಸಿ ನಾಲ್ಕು ಸಾಲು ಬರೆಯಬೇಕು. ಅಂಕ ಮಾತ್ರ ಎರಡಕ್ಕೂ ಎರಡೇ. 'ಅಥವಾ'ದ ಎರಡು ಬದಿ ಒಂದೇ ಪಾಠದ್ದಾಗಿರಬೇಕು, ಒಂದೇ ಬಗೆಯ ಕೆಲಸ ಕೇಳಬೇಕು. ಈಗ ಅಲ್ಲಿ ಹೀಗಿದೆ: 'ಅಶೋಕನ ಶಾಸನಗಳು ದೊರೆತ ಕರ್ನಾಟಕದ ಎರಡು ಸ್ಥಳಗಳನ್ನು ಹೆಸರಿಸಿ. ಅಥವಾ ಮೌರ್ಯರ ಕಾಲದ ಎರಡು ಪ್ರಮುಖ ನಗರಗಳನ್ನು ಹೆಸರಿಸಿ.'

'ಅಥವಾ' ಎಂಬ ಪದ ಎರಡು ಪ್ರಶ್ನೆಗಳ ನಡುವೆ, ಸಾಲಿನ ಮಧ್ಯಕ್ಕೆ, ದಪ್ಪಕ್ಷರದಲ್ಲಿ ಒಂದೇ ನಿಲ್ಲಬೇಕು. ಮೊದಲನೆಯದರ ಬಾಲಕ್ಕೆ ಅಂಟಿಸಿದರೆ ಅದು ಕಣ್ಣಿಗೆ ಬೀಳದೆ ಮಕ್ಕಳು ಎರಡನ್ನೂ ಬರೆಯುತ್ತಾರೆ.

ಮೂರು ಅಂಕದ ಪ್ರಶ್ನೆ ಎಂದರೆ ಎಷ್ಟು ಬರೆಯಬೇಕು ಎಂದು ಮಕ್ಕಳು ಕೇಳುತ್ತಾರೆ. ಏನು ಹೇಳಲಿ?

ಆ ಉತ್ತರವನ್ನು ಪ್ರಶ್ನೆಯೇ ಹೇಳಬೇಕು. ಹಳೆಯದರಲ್ಲಿ 'ಮೌರ್ಯ ಸಾಮ್ರಾಜ್ಯದ ಪತನಕ್ಕೆ ಕಾರಣಗಳನ್ನು ಬರೆಯಿರಿ' ಎಂದಷ್ಟೇ ಇತ್ತು. ಒಬ್ಬಳು ಒಂದೂವರೆ ಪುಟ ಬರೆದಿದ್ದಳು, ಇನ್ನೊಬ್ಬ ಮೂರು ಸಾಲಿನಲ್ಲಿ ಮುಗಿಸಿದ್ದ. ಇಬ್ಬರಿಗೂ ಮೂರಕ್ಕೆ ಮೂರು. ಅವಳ ಹದಿನೈದು ನಿಮಿಷ ವ್ಯರ್ಥವಾದದ್ದಕ್ಕೆ ಅವಳು ಕಾರಣಳಲ್ಲ.

ಈಗ ಅದೇ ಪ್ರಶ್ನೆ ಹೀಗಿದೆ: 'ಮೌರ್ಯ ಸಾಮ್ರಾಜ್ಯದ ಪತನಕ್ಕೆ ಮೂರು ಕಾರಣಗಳನ್ನು ಬರೆಯಿರಿ. ಪ್ರತಿ ಕಾರಣಕ್ಕೆ ಒಂದು ವಾಕ್ಯ ಸಾಕು.' ಮೂರು ಕಾರಣ, ಮೂರು ಅಂಕ. ಮೌಲ್ಯಮಾಪಕರಿಗೂ ಅರ್ಧ ಅಂಕದ ಗುಣಾಕಾರ ಬೇಕಿಲ್ಲ.

ಇದನ್ನು ಪರೀಕ್ಷಿಸುವ ಸುಲಭ ಬಗೆಯೊಂದಿದೆ. ಪ್ರಶ್ನೆ ಬರೆದ ಕೂಡಲೇ, ಅದೇ ಕುಳಿತಲ್ಲಿ, ಮಾದರಿ ಉತ್ತರ ಬರೆದು ಪ್ರತಿ ಅಂಕ ಎಲ್ಲಿ ಬೀಳುತ್ತದೆಂದು ಗೆರೆ ಹಾಕಿ. ಮೂರು ಅಂಕದ ಪ್ರಶ್ನೆಗೆ ಎರಡೇ ಗೆರೆ ಬಿದ್ದರೆ ಅದು ಎರಡು ಅಂಕದ ಪ್ರಶ್ನೆ. ಐದು ಬಿದ್ದರೆ ಪ್ರಶ್ನೆಯನ್ನು ಕತ್ತರಿಸಬೇಕು. ಮಾದರಿ ಉತ್ತರವನ್ನು ಪರೀಕ್ಷೆ ಮುಗಿದ ಮೇಲೆ ಬರೆಯುವ ಪದ್ಧತಿ ನಮ್ಮಲ್ಲಿ ಗಟ್ಟಿಯಾಗಿ ಬೇರೂರಿದೆ. ಆದರೆ ಆಗ ತಪ್ಪು ಗೊತ್ತಾದರೂ ತಿದ್ದಲು ಬರುವುದಿಲ್ಲ.

ನಕ್ಷೆಯ ಪ್ರಶ್ನೆಗೂ ಒಡೆದು ತೋರಿಸಿದೆವು: 'ಭಾರತದ ನಕ್ಷೆ ಬರೆದು ಪಾಟಲೀಪುತ್ರ, ತಕ್ಷಶಿಲೆ, ಬ್ರಹ್ಮಗಿರಿಗಳನ್ನು ಗುರುತಿಸಿ', ಪಕ್ಕದಲ್ಲಿ 1 + 3. ನಕ್ಷೆಯ ಹೊರಗೆರೆಗೆ ಒಂದೇ ಅಂಕ ಎಂದು ಗೊತ್ತಾದರೆ ಮಗು ಗುಜರಾತಿನ ಕರಾವಳಿಯನ್ನು ಐದು ಸಲ ಅಳಿಸಿ ತಿದ್ದುತ್ತಾ ಕೂರುವುದಿಲ್ಲ. ಅಂದಹಾಗೆ ತಕ್ಷಶಿಲೆ ಇಂದಿನ ಪಾಕಿಸ್ತಾನದಲ್ಲಿದೆ. ಇಂದಿನ ಭಾರತದ ಹೊರಗೆರೆ ಬಿಡಿಸಿದ ಮಗು ಅದನ್ನು ಗೆರೆಯ ಹೊರಗೆ, ವಾಯವ್ಯಕ್ಕೆ ಗುರುತಿಸಬೇಕು. ಇದನ್ನು ಎತ್ತಿ ತೋರಿಸಿದ್ದು ನಮ್ಮ ಗಣಿತದ ಮೇಡಂ. ಕೊನೆಗೆ ತಕ್ಷಶಿಲೆ ತೆಗೆದು ಸಾಂಚಿ ಹಾಕಿದೆವು.

ಸೂಚನೆಗಳಲ್ಲಿ ಏನಿರಬೇಕು?

ಮಗು ಕೈಯಿಂದ ಮಾಡಬೇಕಾದ ಕೆಲಸ ಮಾತ್ರ ಇರಬೇಕು. ಹಳೆಯ ಪತ್ರಿಕೆಯ ನೆತ್ತಿಯ ಮೇಲೆ 'ಅಂದವಾದ ಬರವಣಿಗೆಗೆ ಆದ್ಯತೆ ನೀಡಲಾಗುವುದು' ಎಂದಿತ್ತು. ಎಷ್ಟು ಆದ್ಯತೆ, ಎಷ್ಟು ಅಂಕ? ನಾವೇ ಕೊಡುತ್ತಿರಲಿಲ್ಲ. 'ಎಲ್ಲಾ ಪ್ರಶ್ನೆಗಳಿಗೂ ಉತ್ತರಿಸತಕ್ಕದ್ದು' ಎಂದೂ ಇತ್ತು, ಕೆಳಗೆ ಹತ್ತರಲ್ಲಿ ಎಂಟು ಎಂದೂ ಇತ್ತು. ಇದನ್ನು ಓದಿದ ಮಗು ಯಾವುದನ್ನು ನಂಬಬೇಕು?

ಈಗಿರುವ ಸೂಚನೆಗಳು ಇವಿಷ್ಟೇ:

1. ಈ ಪತ್ರಿಕೆಯಲ್ಲಿ 4 ಪುಟಗಳೂ 28 ಪ್ರಶ್ನೆಗಳೂ ಇವೆ. ಬರೆಯುವ ಮೊದಲು ಎಣಿಸಿ ನೋಡಿ. ಕಡಿಮೆ ಇದ್ದರೆ ಕೊಠಡಿ ಮೇಲ್ವಿಚಾರಕರಿಗೆ ತಿಳಿಸಿ.
2. ಮೊದಲ 15 ನಿಮಿಷ ಪ್ರಶ್ನೆಗಳನ್ನು ಓದಲು ಮಾತ್ರ. ಆ ಸಮಯದಲ್ಲಿ ಉತ್ತರ ಬರೆಯಬೇಡಿ.
3. ಎಲ್ಲ ಪ್ರಶ್ನೆಗಳಿಗೂ ಉತ್ತರಿಸಿ. 'ಅಥವಾ' ಇರುವಲ್ಲಿ ಎರಡರಲ್ಲಿ ಒಂದಕ್ಕೆ ಮಾತ್ರ ಉತ್ತರಿಸಿ. ಎರಡನ್ನೂ ಬರೆದರೆ ಮೊದಲು ಬರೆದದ್ದಕ್ಕೆ ಅಂಕ ಕೊಡಲಾಗುತ್ತದೆ.
4. ಪ್ರಶ್ನೆಯ ಸಂಖ್ಯೆಯನ್ನು ಇಲ್ಲಿ ಇರುವಂತೆಯೇ ಉತ್ತರದ ಎಡಬದಿಗೆ ಬರೆಯಿರಿ.
5. ಬಲಬದಿಯ ಅಂಕಿಗಳು ಆ ಪ್ರಶ್ನೆಯ ಅಂಕಗಳನ್ನು ಸೂಚಿಸುತ್ತವೆ.

ಮೊದಲನೆಯದನ್ನು ನೋಡಿ ನಕ್ಕವರಿದ್ದಾರೆ. ಆದರೆ ಹಿಂದೊಮ್ಮೆ ಜೆರಾಕ್ಸ್ ಯಂತ್ರ ಒಂದು ಪ್ರತಿಯ ಹಿಂಬದಿಯನ್ನು ಖಾಲಿ ಬಿಟ್ಟಿತ್ತು. ಆ ಹುಡುಗ ಇರುವಷ್ಟನ್ನೇ ಬರೆದು, ಅರ್ಧ ಗಂಟೆ ಮೊದಲೇ ಎದ್ದು, 'ಪೇಪರ್ ಸುಲಭ ಇತ್ತು ಸಾರ್' ಎಂದು ಹೇಳಿ ಹೋಗಿದ್ದ.

ಒಂದು ಭಾಗಕ್ಕೆ ಮಾತ್ರ ಸಂಬಂಧಿಸಿದ ಸೂಚನೆಯನ್ನು ಮೊದಲ ಪುಟಕ್ಕೆ ತರಬೇಡಿ, ಅದು ಆ ಭಾಗದ ತಲೆಯ ಮೇಲೇ ಇರಲಿ. ಮೂರು ಪುಟ ಆಚೆಗಿನ ಪ್ರಶ್ನೆಯ ಸೂಚನೆಯನ್ನು ಹದಿಮೂರು ವರ್ಷದ ಮಗು ನೆನಪಿಟ್ಟುಕೊಳ್ಳಬೇಕೆಂದು ಬಯಸುವುದು ಅನ್ಯಾಯ. ಭಾಗದ ಶೀರ್ಷಿಕೆ, ಸೂಚನೆ ಮತ್ತು ಮೊದಲ ಪ್ರಶ್ನೆ ಒಂದೇ ಪುಟದಲ್ಲಿರಬೇಕು. ಜಾಗ ಸಾಲದಿದ್ದರೆ ಶೀರ್ಷಿಕೆಯನ್ನೇ ಮುಂದಿನ ಪುಟಕ್ಕೆ ತಳ್ಳಿ. ಹಿಂದಿನ ಪುಟದ ತಳ ಖಾಲಿ ಉಳಿದರೆ ಉಳಿಯಲಿ.

ಪ್ರತಿ ಭಾಗಕ್ಕೂ 1ರಿಂದ ಸಂಖ್ಯೆ ಹಾಕುವುದು ಬೇಡವೇ?

ಬೇಡ. ಉತ್ತರ ಪತ್ರಿಕೆಯಲ್ಲಿ ಬರಿ '3' ಎಂದು ಕಂಡರೆ ಅದು ಯಾವ ಭಾಗದ ಮೂರು? 1ರಿಂದ 28ರ ತನಕ ಒಂದೇ ಸರಣಿ ಇರಲಿ.

ಗುರುತಿನ ಅಕ್ಷರಗಳಲ್ಲೂ ಇದೇ ತೊಡಕು. ಮೊದಲು ನಾವು ಭಾಗಗಳನ್ನು ಎ, ಬಿ, ಸಿ ಎಂದು ಕರೆಯುತ್ತಿದ್ದೆವು, ಬಹು ಆಯ್ಕೆಯ ಉತ್ತರಗಳಿಗೂ ಎ, ಬಿ, ಸಿ, ಡಿ. ಈಗ ಭಾಗಗಳಿಗೆ ಅಂಕಿ, ಆಯ್ಕೆಗಳಿಗೆ ಎ, ಬಿ, ಸಿ, ಡಿ, ಉಪಪ್ರಶ್ನೆಗಳಿಗೆ ಅ, ಆ. ಯಾವ ಗುರುತೂ ಎರಡು ಕೆಲಸ ಮಾಡುವುದಿಲ್ಲ.

ಬಹು ಆಯ್ಕೆಯ ನಾಲ್ಕು ಉತ್ತರಗಳನ್ನು ಒಂದೇ ಸಾಲಿನಲ್ಲಿ ಕೊಟ್ಟರೆ ಜಾಗ ಉಳಿಯುತ್ತದಲ್ಲ?

ನಾಲ್ಕೂ ಒಂದೊಂದು ಪದದವಾದರೆ ಕೊಡಿ. ಇಲ್ಲವಾದರೆ ಎರಡು ಸಾಲಿನಲ್ಲಿ ಎರಡೆರಡು. ಆಯ್ಕೆಗಳ ನಡುವೆ ಸ್ಪೇಸ್ ಒತ್ತಿ ಅಂತರ ಕೊಡಬೇಡಿ, ಗೆರೆ ಕಾಣದ ಕೋಷ್ಟಕ ಹಾಕಿ ಅದರೊಳಗೆ ಕೂರಿಸಿ. ಸ್ಪೇಸ್ ಒತ್ತಿ ಹೊಂದಿಸಿದ್ದು ಬೇರೆ ಕಂಪ್ಯೂಟರಿನಲ್ಲಿ ತೆರೆದಾಗ ಜಾರುತ್ತದೆ. 'ಬಿ' ಆಯ್ಕೆಯ ಉತ್ತರ 'ಸಿ'ಯ ಪಕ್ಕಕ್ಕೆ ಬಂದು ನಿಂತದ್ದನ್ನು ನೋಡಿದ್ದೇನೆ. 'ಇವುಗಳಲ್ಲಿ ಯಾವುದು ಸರಿಯಲ್ಲ?' ಎಂಬಂಥ ಪ್ರಶ್ನೆಯಲ್ಲಿ 'ಸರಿಯಲ್ಲ' ಎಂಬುದನ್ನು ದಪ್ಪಕ್ಷರದಲ್ಲಿ ಹಾಕಿ ಅಡಿಗೆರೆ ಎಳೆಯಿರಿ.

ಅಕ್ಷರದ ಗಾತ್ರ ಎಷ್ಟಿರಬೇಕು? ಎರಡು ಪುಟಗಳನ್ನು ಒಂದಕ್ಕೆ ಇಳಿಸಿದರೆ ಕಾಗದ ಉಳಿಯುತ್ತದೆ ಎನ್ನುತ್ತಾರೆ.

ಉಳಿಯುತ್ತದೆ, ಕಣ್ಣಿನ ಖರ್ಚಿನಲ್ಲಿ. ಎರಡು ಎ4 ಪುಟಗಳನ್ನು ಒಂದು ಎ4 ಮೇಲೆ ಅಕ್ಕಪಕ್ಕ ಇಳಿಸಿದಾಗ ಅಕ್ಷರ ಸುಮಾರು ಶೇ. 71ಕ್ಕೆ ಕುಗ್ಗುತ್ತದೆ. 12 ಪಾಯಿಂಟಿನ ಅಕ್ಷರ ಎಂಟೂವರೆಗೆ ಬಂದು ನಿಲ್ಲುತ್ತದೆ. ಇಂಗ್ಲಿಷಿನಲ್ಲಿ ಅದನ್ನು ಹೇಗೋ ಓದಬಹುದು. ಕನ್ನಡದಲ್ಲಿ ಮೊದಲು ಸಾಯುವುದು ಒತ್ತಕ್ಷರ. ಜೆರಾಕ್ಸಿನ ಶಾಯಿ ತುಸು ಹೆಚ್ಚಾದರೂ 'ರಾಷ್ಟ್ರ'ದ ಒತ್ತುಗಳು ಒಂದು ಕಪ್ಪು ಚುಕ್ಕೆಯಾಗುತ್ತವೆ. ಹಾಗಾಗಿ ಪ್ರಶ್ನೆಗಳಿಗೆ 13 ಪಾಯಿಂಟ್, ಸಾಲಿನ ಅಂತರ ಒಂದೂವರೆ ಇಟ್ಟಿದ್ದೇವೆ. ಅಂತರ ಕಡಿಮೆಯಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ.

ಕಾಗದ ಉಳಿಸಲು ಬೇರೆ ದಾರಿಯಿದೆ. ಎ3 ಹಾಳೆಯ ಎರಡೂ ಬದಿಗೆ ಮುದ್ರಿಸಿ ಮಧ್ಯಕ್ಕೆ ಮಡಚಿದರೆ ಪೂರ್ಣ ಗಾತ್ರದ ನಾಲ್ಕು ಪುಟ ಸಿಗುತ್ತದೆ. ಪಿನ್ ಬೇಡ, ಪುಟ ಕಳೆದುಹೋಗುವ ಭಯವೂ ಇಲ್ಲ. ಮುದ್ರಿಸುವಾಗ ಒಂದು ಬದಿಗೆ 4 ಮತ್ತು 1, ಇನ್ನೊಂದು ಬದಿಗೆ 2 ಮತ್ತು 3 ಬರಬೇಕೆಂಬುದನ್ನು ಅಂಗಡಿಯವರಿಗೆ ಮೊದಲೇ ಹೇಳಿ.

ಕಡತವನ್ನು ಪಿಡಿಎಫ್ ಮಾಡಿಯೇ ಅಂಗಡಿಗೆ ಒಯ್ಯಿರಿ. ನುಡಿ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಬೆರಳಚ್ಚು ಮಾಡಿದ್ದನ್ನು ಆ ಶೈಲಿ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ರಾಶಿ ಕಾಣುತ್ತದೆ. ಯುನಿಕೋಡಿನಲ್ಲಿ ಮಾಡಿದರೆ ಆ ಕಾಟವಿಲ್ಲ, ಆದರೂ ಬೇರೆ ಅಕ್ಷರಶೈಲಿ ಬಂದು ಕುಳಿತು ಪುಟಗಳು ಮುರಿಯುವ ಜಾಗ ಬದಲಾಗಬಹುದು. ನಮ್ಮ 'ಯಾವುದಾದರೂ ಎಂಟಕ್ಕೆ' ಸಾಲು ಒಂಟಿಯಾದದ್ದು ಹಾಗೆಯೇ. ನನ್ನ ಕಂಪ್ಯೂಟರಿನಲ್ಲಿ ಅದು ಎರಡನೇ ಪುಟದಲ್ಲೇ ಇತ್ತು.

ಹತ್ತನೇ ತರಗತಿಗೂ ಇದೇ ವಿನ್ಯಾಸ ಬಳಸಬಹುದೇ?

ಬೇಡ. ಅಲ್ಲಿ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯ ಮಾದರಿಯೇ ಪ್ರಮಾಣ. ಮಕ್ಕಳು ಆ ವಿನ್ಯಾಸಕ್ಕೇ ಒಗ್ಗಿಕೊಳ್ಳಬೇಕು.

ಇಂಗ್ಲಿಷ್ ಮಾಧ್ಯಮದ ವಿಭಾಗವೂ ಇದೆ. ಒಂದೇ ಪತ್ರಿಕೆಯಲ್ಲಿ ಎರಡೂ ಭಾಷೆ ಹಾಕಬಹುದೇ?

ಪುಟ ಎರಡು ಪಟ್ಟಾಗುತ್ತದೆ, ಪ್ರತ್ಯೇಕ ಪತ್ರಿಕೆಯೇ ಒಳ್ಳೆಯದು. ಆದರೆ ಎರಡರಲ್ಲೂ ಪ್ರಶ್ನೆ ಸಂಖ್ಯೆ, ಅಂಕ ಮತ್ತು ಆಯ್ಕೆಗಳ ಕ್ರಮ ಒಂದೇ ಇರಲಿ. ಇಬ್ಬರು ಕುಳಿತು ಒಬ್ಬರು ಕನ್ನಡದ್ದನ್ನು ಗಟ್ಟಿಯಾಗಿ ಓದಿ, ಇನ್ನೊಬ್ಬರು ಇಂಗ್ಲಿಷಿನದನ್ನು ನೋಡುತ್ತಾ ಹೋದರೆ ಇಪ್ಪತ್ತು ನಿಮಿಷದ ಕೆಲಸ.

ದೃಷ್ಟಿದೋಷವಿರುವ ಮಗುವಿಗೆ ಏನು ಮಾಡಿದ್ದೀರಿ?

ಒಬ್ಬಳಿದ್ದಾಳೆ. ಅವಳಿಗೆ ಅದೇ ಪತ್ರಿಕೆಯನ್ನು 20 ಪಾಯಿಂಟಿನಲ್ಲಿ, ಹಾಳೆಯ ಒಂದೇ ಬದಿಗೆ ಮುದ್ರಿಸಿಕೊಡುತ್ತೇವೆ. ಜೆರಾಕ್ಸಿನಲ್ಲಿ ಹಿಗ್ಗಿಸಿದ ಪ್ರತಿ ಮಸುಕಾಗಿರುತ್ತದೆ, ಕಡತದಲ್ಲೇ ಗಾತ್ರ ಬದಲಿಸಬೇಕು. ಪುಟಗಳ ಸಂಖ್ಯೆ ಬದಲಾಗುವುದರಿಂದ ಮೊದಲ ಸೂಚನೆಯನ್ನೂ ತಿದ್ದಬೇಕು, ಇದನ್ನು ಒಮ್ಮೆ ಮರೆತಿದ್ದೆ. ನಕ್ಷೆಯ ಬದಲು ಅದೇ ಪಾಠದಿಂದ ನಾಲ್ಕು ಅಂಕದ ಬರೆಯುವ ಪ್ರಶ್ನೆ ಕೊಡುತ್ತೇವೆ.

ಮುದ್ರಣಕ್ಕೆ ಕಳುಹಿಸುವ ಮುನ್ನ ಏನು ನೋಡಬೇಕು? ಪರೀಕ್ಷೆ ಮುಗಿದ ಮೇಲೆ?

ಅಂಕಗಳನ್ನು ಮೂರು ಕಡೆಯಿಂದ ಕೂಡಿ: ಪ್ರಶ್ನೆ ಪ್ರಶ್ನೆಯಾಗಿ, ಭಾಗವಾರು, ಪಾಠವಾರು. ಮೂರರ ಮೊತ್ತವೂ 50 ಬರಬೇಕು. ಆಮೇಲೆ ಒಂದು ಪ್ರತಿ ತೆಗೆದು ಬೇರೆ ವಿಷಯದ ಶಿಕ್ಷಕರಿಗೆ ಕೊಡಿ. ವಿಷಯ ಗೊತ್ತಿರುವವರು ಬಿಟ್ಟುಹೋದದ್ದನ್ನು ಮನಸ್ಸಿನಲ್ಲೇ ತುಂಬಿಕೊಂಡು ಓದುತ್ತಾರೆ, ಗೊತ್ತಿಲ್ಲದವರು ತಡವರಿಸುತ್ತಾರೆ. ತಕ್ಷಶಿಲೆ ಸಿಕ್ಕಿಬಿದ್ದದ್ದು ಹೀಗೆಯೇ.

ಪರೀಕ್ಷೆಯ ದಿನ ಪ್ರತಿ ಕೊಠಡಿಯ ಮೇಲ್ವಿಚಾರಕರಿಗೂ ಒಂದು ಚೀಟಿ ಕೊಡುತ್ತೇವೆ. ಮಕ್ಕಳು ಎದ್ದು ನಿಂತು ಏನು ಕೇಳಿದರು ಎಂಬುದನ್ನು ಅವರು ಅದರಲ್ಲಿ ಬರೆಯುತ್ತಾರೆ. ಹಳೆಯ ಪತ್ರಿಕೆಯ ಕಾಲದಲ್ಲಿ 'ಇದು ಎಷ್ಟು ಬರೆಯಬೇಕು ಸಾರ್', 'ಎರಡೂ ಬರೆಯಬೇಕಾ ಮಿಸ್' ಎಂಬ ದನಿಗಳು ಮೊದಲ ಅರ್ಧ ಗಂಟೆ ನಿಲ್ಲುತ್ತಲೇ ಇರಲಿಲ್ಲ. ಹೊಸದರ ಮೊದಲ ಪರೀಕ್ಷೆಯಲ್ಲಿ ಮೂರು ಕೊಠಡಿಗಳ ಚೀಟಿಗಳಲ್ಲೂ ಒಂದೇ ಪ್ರಶ್ನೆ ಇತ್ತು: 'ನಕ್ಷೆಯನ್ನು ಪೆನ್ಸಿಲಿನಲ್ಲಿ ಬರೆಯಬಹುದಾ?' ಈ ಸಲ 28ನೇ ಪ್ರಶ್ನೆಯ ತಲೆಯ ಮೇಲೆ 'ಪೆನ್ಸಿಲ್ ಬಳಸಿ' ಎಂದು ಸೇರಿಸಿದ್ದೇವೆ.